ದೇವಿಮನೆ ಘಾಟಿ ಇಳಿಯುವ ಕಾಡಿಗೆ

ಶಿರಸಿಯಲ್ಲಿ ಹಚ್ಚಿದ ಕಾಡಿಗೆ ಕುಮಟಾ ಮುಟ್ಟುವುದಿಲ್ಲ. ಘಟ್ಟದ ಮೇಲಿನವರು ಮದುವೆಗೆಂದು ಕರಾವಳಿಗೆ ಬರುವ ಬಸ್ಸಿನಲ್ಲಿ ಕುಳಿತರೆ ಇದು ಕಣ್ಣಾರೆ ಕಾಣುತ್ತದೆ. ಬಸ್ಸು ದೇವಿಮನೆ ಘಾಟಿ ಇಳಿಯಲು ಶುರು ಮಾಡಿದಾಗ ಕಾಡಿಗೆಯೂ ಇಳಿಯಲು ಶುರು ಮಾಡುತ್ತದೆ. ಕತಗಾಲದ ಹೊತ್ತಿಗೆ ಕಣ್ಣಿನ ಕೆಳಗೆ ಬಂದಿರುತ್ತದೆ. ಕುಮಟಾ ಸ್ಟ್ಯಾಂಡಿನಲ್ಲಿ ಇಳಿಯುವಾಗ ಅರ್ಧ ದಿಬ್ಬಣ ರಾತ್ರಿಯಿಡೀ ನಿದ್ದೆಗೆಟ್ಟವರ ಹಾಗೆ ಕಾಣುತ್ತದೆ. ಪೌಡರ್ ಕಥೆ ಬೇರೆ. ಅದು ಎಲ್ಲಿಗೆ ಹೋಯಿತೆಂದು ತಿಳಿಯಬೇಕಾದರೆ ರವಿಕೆಯ ಕೊರಳು ನೋಡಬೇಕು.

ಇಂಥ ಹವೆಯ ಊರಾದ ಕಾರವಾರಕ್ಕೆ ನನ್ನ ಅಕ್ಕನ ಮಗಳು ಕಾಲೇಜಿಗೆಂದು ಬಂದಳು. ಇರುವುದು ನಮ್ಮ ಮನೆಯಲ್ಲೇ. ನಮ್ಮ ಕಡೆ ಹುಡುಗಿಗೆ ಕೂಸು ಅನ್ನುವುದು ವಾಡಿಕೆ. ಹಾಗಾಗಿ ಡಿಗ್ರಿ ಮುಗಿಸಿದರೂ ಇವಳು ನಮಗೆ ಕೂಸೇ. ಕೂಸಿನ ಬ್ಯಾಗಿನಲ್ಲಿ ಪುಸ್ತಕಕ್ಕಿಂತ ದೊಡ್ಡದಾದ ಒಂದು ಮೇಕಪ್ ಡಬ್ಬಿ ಇತ್ತು. ಎರಡು ವರ್ಷಕ್ಕೊಮ್ಮೆ ನಡೆಯುವ ಶಿರಸಿ ಮಾರಿಕಾಂಬಾ ಜಾತ್ರೆಯಲ್ಲಿ, ಬಳೆ ಅಂಗಡಿಗಳ ಸಾಲಿನಲ್ಲಿ, ಚೌಕಾಸಿ ಮಾಡಿ ತಂದಿದ್ದಂತೆ. ಮುಚ್ಚಳ ತೆಗೆದರೆ ಬಣ್ಣವೋ ಬಣ್ಣ. ನವಿಲು ಹಸಿರು, ಶಾಯಿ ನೀಲಿ, ನೇರಳೆ, ಹೆಸರೇ ಇಲ್ಲದ ನಾಲ್ಕೈದು. ದಿನವೂ ಕಾಲೇಜಿಗೆ ಹಚ್ಚಿಕೊಂಡು ಹೋಗಬಹುದಾದ ಬಣ್ಣ ಒಂದೂ ಇರಲಿಲ್ಲ. ತಿರುಗಿಸಿ ನೋಡಿದರೆ ತಯಾರಿಸಿದವರ ಹೆಸರಿಲ್ಲ, ವಿಳಾಸವಿಲ್ಲ, ಬ್ಯಾಚ್ ನಂಬರಿಲ್ಲ, ಎಷ್ಟು ದಿನ ಬಳಸಬಹುದು ಅನ್ನುವುದೂ ಇಲ್ಲ. ಇಷ್ಟೂ ಇಲ್ಲದ್ದನ್ನು ಕಣ್ಣಿನ ರೆಪ್ಪೆಗೆ ಹಚ್ಚುವುದು ಬೇಡ ಅಂದೆ. ಡಬ್ಬಿಯಲ್ಲಿ ಒಂದು ಕನ್ನಡಿ ಮಾತ್ರ ಚೆನ್ನಾಗಿತ್ತು. ಅದು ಈಗಲೂ ನಮ್ಮ ಬಚ್ಚಲಿನಲ್ಲಿದೆ.

ಅಕ್ಕ ಹೊಸ ಸಾಮಾನಿಗೆಂದು 1000 ರೂಪಾಯಿ ಕೊಟ್ಟಿದ್ದಳು. "ಇದರಲ್ಲೇ ಮುಗಿಸು, ಮತ್ತೆ ಕೇಳಬೇಡ" ಅನ್ನುವ ಷರತ್ತೂ ಜೊತೆಗಿತ್ತು.

"ಚಿಕ್ಕಿ, ಯಂಗೆ ಫೌಂಡೇಶನ್ ಬೇಕು" ಅಂದಳು ಕೂಸು.

"ಮೊದಲು ಸನ್‌ಸ್ಕ್ರೀನ್" ಅಂದೆ.

"ಅದು ಮೇಕಪ್ಪೇ ಅಲ್ಲ!"

ಅಲ್ಲ ಅನ್ನುವುದು ಸರಿ. ಆದರೆ ಸಮುದ್ರದ ಪಕ್ಕದ ಬಿಸಿಲಿನಲ್ಲಿ ಬಸ್ಸಿಗೆ ಕಾಯುವ ಹುಡುಗಿಯ ಮುಖ ತಿಂಗಳೊಳಗೆ ಎರಡು ಬಣ್ಣ ಆಗುತ್ತದೆ. ಆಮೇಲೆ ಆ ಎರಡರಲ್ಲಿ ಯಾವುದಕ್ಕೆ ಹೊಂದುವ ಫೌಂಡೇಶನ್ ಕೊಳ್ಳುವುದು? ಎಸ್‌ಪಿಎಫ್ 50, ಪಿಎ ಮುಂದೆ ಮೂರಾದರೂ ಪ್ಲಸ್ ಇರುವ ಜೆಲ್ ಥರದ್ದು, 50 ಗ್ರಾಂ ಟ್ಯೂಬು 380 ರೂಪಾಯಿಗೆ ಸಿಕ್ಕಿತು. ಕೂಸಿನ ಮುಖ ಬಾಡಿಹೋಯಿತು. ಮೂರನೇ ಒಂದಕ್ಕಿಂತ ಜಾಸ್ತಿ ದುಡ್ಡು, ಹಚ್ಚಿದರೆ ಕಾಣುವುದೂ ಇಲ್ಲ!

ಇನ್ನೂ ದೊಡ್ಡ ಆಘಾತ ಹಚ್ಚುವಾಗ ಕಾದಿತ್ತು. ಅವಳು ಕಡಲೆಕಾಳಿನಷ್ಟು ತೆಗೆದಳು. ನಾನು ತೋರುಬೆರಳು, ನಡುಬೆರಳು ಎರಡರ ಉದ್ದಕ್ಕೂ ಗೆರೆ ಎಳೆದು ತೋರಿಸಿದೆ. ಮುಖ, ಕತ್ತು ಸೇರಿ ಅಷ್ಟು ಬೇಕು. ಕಡಿಮೆ ಹಚ್ಚಿದರೆ ಟ್ಯೂಬಿನ ಮೇಲೆ ಬರೆದ 50 ಮುಖದ ಮೇಲೆ ಬರುವುದಿಲ್ಲ. ಈ ಲೆಕ್ಕದಲ್ಲಿ ಟ್ಯೂಬು ತಿಂಗಳು, ಹೆಚ್ಚೆಂದರೆ ಒಂದೂವರೆ ತಿಂಗಳು ಬಂದರೆ ಸರಿ. ಆರು ತಿಂಗಳು ಬಂತೆಂದು ಯಾರಾದರೂ ಹೆಮ್ಮೆಪಟ್ಟರೆ ಅವರು ಹಚ್ಚಿದ್ದು ಬರೀ ಸಮಾಧಾನ. ಕೆಲವು ಸನ್‌ಸ್ಕ್ರೀನ್ ಮುಖವನ್ನು ಬೂದಿ ಬಳಿದ ಹಾಗೆ ಬೆಳ್ಳಗೆ ಮಾಡುತ್ತವೆ. ಅದರಲ್ಲಿರುವ ಜಿಂಕ್ ಆಕ್ಸೈಡ್ ಕೆಲಸ ಅದು. ಯಕ್ಷಗಾನದ ಚೌಕಿಯಲ್ಲಿ ವೇಷಕ್ಕೆ ಕೂತಂತೆ ಕಾಣುವುದು ಬೇಡ ಅನ್ನುವವರು ಕೊಳ್ಳುವ ಮೊದಲು ದವಡೆಯ ಹತ್ತಿರ ಚೂರು ಹಚ್ಚಿ ಬೆಳಕಿನಲ್ಲಿ ನೋಡಬೇಕು.

ಉಳಿದದ್ದು 620. ಕೂಸಿನ ಕಣ್ಣು ಮತ್ತೆ ಫೌಂಡೇಶನ್ ಕಪಾಟಿನ ಕಡೆಗೇ. ಆಗ ಅವಳ ಗೆಳತಿಯ ಕಥೆ ನಡುವೆ ಬಂತು.

ಆ ಹುಡುಗಿ ಫ್ರೆಶರ್ಸ್ ಡೇಗೆಂದು ಒಂದು ಅಂಗಡಿಯಲ್ಲಿ ಫೌಂಡೇಶನ್ ತೆಗೆದುಕೊಂಡಿದ್ದಳು. ಅಂಗಡಿಯವರು ಮುಂಗೈ ಒಳಬದಿಗೆ ಒಂದು ಗೆರೆ ಎಳೆದು, ಟ್ಯೂಬ್‌ಲೈಟ್ ಕೆಳಗೆ ಹಿಡಿದು, "ಪರ್ಫೆಕ್ಟ್ ಮ್ಯಾಚ್, ಸ್ವಲ್ಪ ಫೇರ್ ಕೂಡ ಕಾಣ್ತೀರಿ" ಅಂದರಂತೆ. ಮುಂಗೈ ಒಳಬದಿ ಬಿಸಿಲು ಕಾಣದ ಜಾಗ. ಅದು ಮುಖಕ್ಕಿಂತ ಬೆಳ್ಳಗೇ ಇರುತ್ತದೆ. ಟ್ಯೂಬ್‌ಲೈಟ್ ಕೆಳಗೆ ಇನ್ನೂ ಬೆಳ್ಳಗೆ. ಫ್ರೆಶರ್ಸ್ ಡೇ ದಿನ ಮುಖ ಒಂದು ಊರಿನದು, ಕತ್ತು ಇನ್ನೊಂದು ಊರಿನದು. ಮಧ್ಯಾಹ್ನದ ಹೊತ್ತಿಗೆ ಕಥೆಗೆ ಹೊಸ ತಿರುವು. ಮುಖದ ಎಣ್ಣೆಯ ಜೊತೆ ಸೇರಿದ ಫೌಂಡೇಶನ್ ಕೆಲವು ಸಲ ಬಣ್ಣ ಗಾಢವಾಗುತ್ತದೆ. ಬೆವರು ಒರೆಸಿಕೊಂಡ ಕಡೆ ತನ್ನ ಬಣ್ಣ, ಒರೆಸದ ಕಡೆ ಕಿತ್ತಳೆ ಛಾಯೆ. ಗ್ರೂಪ್ ಫೋಟೋದಲ್ಲಿ ಅವಳನ್ನು ಹುಡುಕಲು ಕಷ್ಟವೇ ಇಲ್ಲ.

ಫೌಂಡೇಶನ್ ಕೊಳ್ಳಲೇಬೇಕು ಅನ್ನುವ ದಿನ ಬಂದರೆ ದವಡೆಯ ಅಂಚಿನಲ್ಲಿ ಮೂರು ಶೇಡಿನ ಮೂರು ಪುಟ್ಟ ಗೆರೆ ಎಳೆಯಬೇಕು. ಅಂಗಡಿಯಿಂದ ಹೊರಗೆ ಬರಬೇಕು. ಹತ್ತು ಹದಿನೈದು ನಿಮಿಷ ಸುತ್ತಾಡಬೇಕು. ಕಾರವಾರದಲ್ಲಾದರೆ ಗ್ರೀನ್ ಸ್ಟ್ರೀಟ್ ಉದ್ದಕ್ಕೂ ಹೋಗಿ ಬಂದರೆ ಆಯಿತು. ದಾರಿಯಲ್ಲಿ ಪರಿಚಯದವರು "ಕೆನ್ನೆಗೆ ಎಂತ ಆಯ್ತು?" ಎಂದು ಕೇಳಿಯೇ ಕೇಳುತ್ತಾರೆ. ಕೇಳಲಿ. ಮತ್ತೆ ಬಿಸಿಲಿನಲ್ಲಿ ಕನ್ನಡಿ ನೋಡಿದಾಗ ಯಾವ ಗೆರೆ ಕಾಣಿಸುವುದಿಲ್ಲವೋ ಅದು ನಿಮ್ಮ ಶೇಡು. ಮೂರೂ ಕಾಣುತ್ತಿದ್ದರೆ ಬರಿಗೈಲಿ ಮನೆಗೆ ಹೋಗಬೇಕು. ಇಷ್ಟೆಲ್ಲ ತಾಪತ್ರಯದ ವಸ್ತುವಿಗೆ ಮೊದಲ 1000 ರೂಪಾಯಿಯಲ್ಲಿ ಜಾಗ ಕೊಡುವುದು ನನಗಂತೂ ಒಪ್ಪಿಗೆಯಿಲ್ಲ. ಹದಿನೆಂಟರ ಮುಖಕ್ಕೆ ಮುಚ್ಚಿಡುವಂಥದ್ದು ಏನಿರುತ್ತದೆ? ಒಂದು ಮೊಡವೆ. ಅದೂ ವಾರದಲ್ಲಿ ಹೋಗುತ್ತದೆ.

ಅದರ ಬದಲು 170 ರೂಪಾಯಿಗೆ ಒಂದು ಕಾಂಪ್ಯಾಕ್ಟ್ ತೆಗೆದುಕೊಂಡೆವು. ಶೇಡು ಹುಡುಕುವ ಕ್ರಮ ಇದಕ್ಕೂ ಅದೇ. ಆದರೆ ಪದರ ತೆಳು, ಹೆಚ್ಚುಕಮ್ಮಿ ಆದರೂ ಫೋಟೋದಲ್ಲಿ ಸಿಕ್ಕಿಬೀಳುವಷ್ಟಲ್ಲ. ಇದನ್ನು ಮುಖದ ತುಂಬ ಬಳಿಯುವ ಅಗತ್ಯವಿಲ್ಲ. ಎಣ್ಣೆ ಕಾಣುವ ಹಣೆ, ಮೂಗು, ಗಲ್ಲ, ಅಷ್ಟೇ. ಮೊದಲ ದಿನವೇ ಕೂಸು ಬಸ್ಸಿಗೆ ಓಡಿ, ಸೀಟು ಹಿಡಿದು, ಬೆವರಿನ ಮುಖಕ್ಕೆ ಸೀದಾ ಪಫ್ ಒತ್ತಿದಳು. ಹಸಿ ಗೋಡೆಗೆ ಸುಣ್ಣ ಹೊಡೆದಂತಾಯಿತು. ಪಕ್ಕದಲ್ಲಿದ್ದ ಮೀನಿನ ಬುಟ್ಟಿಯ ಅಜ್ಜಿ ತನ್ನ ಸೆರಗಿನಿಂದಲೇ ಒರೆಸಿಕೊಟ್ಟಳಂತೆ. ಅಂದಿನ ಮೊದಲ ಪೀರಿಯಡ್ಡಿನಲ್ಲಿ ಕೂಸಿನ ಬೆಂಚಿನಲ್ಲಿ ಯಾರೂ ಕೂರಲಿಲ್ಲ. ಕ್ರಮ ಇಷ್ಟೇ: ಮೊದಲು ಕರ್ಚೀಫನ್ನು ಉಜ್ಜದೆ ಒತ್ತಿ ಬೆವರು ತೆಗೆಯಬೇಕು, ಚರ್ಮ ಒಣಗಿದ ಮೇಲೆ ಪಫ್. ಅದನ್ನೂ ಎಳೆಯುವುದಲ್ಲ, ಒತ್ತುವುದು. ಪಫ್ ಅನ್ನು ವಾರಕ್ಕೊಮ್ಮೆ ಸೋಪು ಹಾಕಿ ತೊಳೆದು ಒಣಗಿಸಬೇಕು. ಮಳೆಗಾಲದಲ್ಲಿ ನಮ್ಮ ಕಡೆ ಏನೂ ಒಣಗುವುದಿಲ್ಲವಾದ್ದರಿಂದ ಎರಡನೇ ಪಫ್ ಇದ್ದರೆ ಒಳ್ಳೆಯದು.

ಈಗ ಘಾಟಿ ಇಳಿಯುವ ಕಾಡಿಗೆಗೆ ಬರೋಣ. ಪೆನ್ಸಿಲ್ ಕಾಡಿಗೆಯಲ್ಲಿ ಇರುವುದು ಬಣ್ಣದ ಜೊತೆಗೆ ಮೇಣ, ಎಣ್ಣೆ. ಸೆಖೆಗೆ ಅದು ಮೆತ್ತಗಾಗುತ್ತದೆ, ಚರ್ಮದ ಎಣ್ಣೆಗೆ ಕರಗುತ್ತದೆ, ಬೆವರು ಅದನ್ನು ಕೆಳಗೆ ಕರೆದೊಯ್ಯುತ್ತದೆ. "ಸ್ಮಜ್ ಪ್ರೂಫ್" ಎಂದು ಬರೆದದ್ದನ್ನು ನಂಬಬೇಕಿಲ್ಲ. ಟೆಸ್ಟರ್‌ನಿಂದ ಕೈ ಮೇಲೆ ಗೆರೆ ಎಳೆದು, ಲಿಪ್‌ಸ್ಟಿಕ್ ನೋಡಿ ಮುಗಿಸಿ, ಆಮೇಲೆ ಹೆಬ್ಬೆರಳಿನಿಂದ ಉಜ್ಜಿದರೆ ನಿಜ ಗೊತ್ತಾಗುತ್ತದೆ. ಎಳೆದ ಕೂಡಲೇ ಉಜ್ಜಿದರೆ ಒಳ್ಳೆಯದೂ ಅಳಿಸುತ್ತದೆ, ಅದು ಕೂರಲು ಒಂದೆರಡು ನಿಮಿಷ ಬೇಕು. ನಮ್ಮ ಕೈ ಮೇಲೆ ಅಳಿಸದೆ ಉಳಿದದ್ದು 180 ರೂಪಾಯಿಯ ಕಾಡಿಗೆ, ಅದನ್ನೇ ಕೊಂಡೆವು. ಹಚ್ಚುವ ಮೊದಲು ಕಣ್ಣಿನ ಕೆಳಗೆ ಬೆರಳ ತುದಿಯಿಂದ ಚೂರೇ ಕಾಂಪ್ಯಾಕ್ಟ್ ಒತ್ತಿದರೆ ಇಳಿಯುವ ಕಾಡಿಗೆಗೆ ಹಿಡಿತ ಸಿಗುವುದಿಲ್ಲ. ಮೂಗಿನ ಕಡೆಯ ಮೂಲೆ ಬಿಟ್ಟು ಹಚ್ಚಿದರೆ ಇನ್ನೂ ಚೆನ್ನ, ನೀರು ಮೊದಲು ಒಸರುವುದು ಅಲ್ಲೇ.

ತೆಗೆಯಲು ಹಣ ಖರ್ಚಿಲ್ಲ. ಹತ್ತಿಗೆ ಎರಡು ಹನಿ ಕೊಬ್ಬರಿ ಎಣ್ಣೆ, ಮುಚ್ಚಿದ ಕಣ್ಣಿನ ಮೇಲೆ ಸ್ವಲ್ಪ ಹೊತ್ತು ಇಟ್ಟು ಮೆಲ್ಲಗೆ ಒರೆಸಿ, ಆಮೇಲೆ ಮುಖ ತೊಳೆಯುವುದು. ಸೋಪಿನಿಂದ ತಿಕ್ಕಿದವರ ಕಣ್ಣು ಬೆಳಗ್ಗೆ ಕೆಂಪಾಗಿರುತ್ತದೆ, ಕಾಡಿಗೆ ಹಾಗೇ ಇರುತ್ತದೆ. ಇನ್ನೊಂದು ವಿಷಯಕ್ಕೆ ನಾನು ಭಾರೀ ಜಿಪುಣಿ. ಕಾಡಿಗೆ ಪೆನ್ಸಿಲ್ ಯಾರಿಗೂ ಕೊಡಕೂಡದು, ಜೀವದ ಗೆಳತಿಗೂ. ಕಣ್ಣಿನ ಸೋಂಕು ಲೇಡೀಸ್ ರೂಮಿನಲ್ಲಿ ಹೀಗೇ ತಿರುಗುತ್ತದೆ. ಕೊಟ್ಟೇಬಿಟ್ಟಿದ್ದರೆ ಅದನ್ನು ಅವಳಿಗೇ ಬಿಟ್ಟುಬಿಡುವುದು ಮೇಲು.

ಉಳಿದದ್ದು 270. ಲಿಪ್‌ಸ್ಟಿಕ್ 220ಕ್ಕೆ ಸಿಕ್ಕಿತು. ಹತ್ತು ಜನ ತುಟಿಗೆ ಒತ್ತಿದ ಟೆಸ್ಟರನ್ನು ತುಟಿಗೆ ತಾಗಿಸುವುದು ಬೇಡ. ಕೈಯ ಹಿಂಬದಿಯೂ ಬೇಡ, ಬೆರಳ ತುದಿಯ ಮೆತ್ತೆಗೆ ಹಚ್ಚಿ ನೋಡಿ, ಅಲ್ಲಿನ ಬಣ್ಣ ತುಟಿಗೆ ಹತ್ತಿರ. ನಿಮ್ಮ ತುಟಿಗಿಂತ ಒಂದೆರಡು ಛಾಯೆ ಗಾಢವಾದದ್ದು ಕಾಲೇಜಿಗೂ ಆಗುತ್ತದೆ, ಮದುವೆಗೂ ಆಗುತ್ತದೆ. ಒಣಗಿ ಗಟ್ಟಿಯಾಗುವ ಲಿಕ್ವಿಡ್ ಮ್ಯಾಟ್ ಬೇಡ, ಕಡ್ಡಿಯಂಥ ಕ್ರೀಮಿ ಲಿಪ್‌ಸ್ಟಿಕ್ ಇರಲಿ ಅಂದೆ. ಕಾರಣ ಜಿಪುಣತನವೇ. ಅದನ್ನು ಕೆನ್ನೆಗೆ ಎರಡು ಚುಕ್ಕಿ ಇಟ್ಟು ಬೆರಳಿನಿಂದ ತಟ್ಟಿದರೆ ಬ್ಲಷ್ ಆಯಿತು. ಬ್ಲಷ್ ಡಬ್ಬಿಯ ದುಡ್ಡು ಉಳಿಯಿತು. ಕಾಂಪ್ಯಾಕ್ಟ್ ಹಾಕುವ ಮೊದಲು ತಟ್ಟಬೇಕು, ಪೌಡರ್ ಮೇಲೆ ತಟ್ಟಿದರೆ ತೇಪೆ ಹಾಕಿದಂತೆ ಕಾಣುತ್ತದೆ.

ಕೊನೆಗೆ ಉಳಿದ 50 ರೂಪಾಯಿಯಲ್ಲಿ ಹತ್ತಿ, ಕಾಡಿಗೆಗೆ ಒಂದು ಶಾರ್ಪನರ್ ಬಂತು. ಫೌಂಡೇಶನ್ ಮುಂದಿನ ತಿಂಗಳ ಪಾಕೆಟ್ ಮನಿಗೆ ಎಂದು ನಿಕ್ಕಿಯಾಯಿತು. ಆದರೆ ಮುಂದಿನ ತಿಂಗಳಿಗೆ ಸನ್‌ಸ್ಕ್ರೀನ್ ಮುಗಿಯಿತು, ಮತ್ತೆ ಅದನ್ನೇ ತರಬೇಕಾಯಿತು. ಹೀಗಾಗಿ ಫೌಂಡೇಶನ್ ಪ್ರತಿ ತಿಂಗಳೂ ಮುಂದಿನ ತಿಂಗಳಿಗೇ ಹೋಗುತ್ತಿದೆ. ಇತ್ತೀಚೆಗೆ ಟ್ಯೂಬು ಇನ್ನೂ ಬೇಗ ಖಾಲಿಯಾಗುತ್ತಿದೆ ಎಂದು ಕೂಸು ದೂರು ತಂದಳು. ಕಾರಣ ಸಿಕ್ಕಿದ್ದು ಭಾವ ಜಿಲ್ಲಾಧಿಕಾರಿ ಕಚೇರಿಯ ಕೆಲಸಕ್ಕೆಂದು ಬಂದು ಮನೆಯಲ್ಲಿ ಉಳಿದಾಗ. ಬೆಳಗ್ಗೆ ಬಚ್ಚಲಿನ ಬಾಗಿಲು ಅರ್ಧ ತೆರೆದಿತ್ತು. ಜಾತ್ರೆಯ ಕನ್ನಡಿಯ ಮುಂದೆ ನಿಂತು ಭಾವ ಬೋಳುತಲೆಗೆ ಹಚ್ಚಿಕೊಳ್ಳುತ್ತಿದ್ದರು.

"ಎರಡು ಬೆರಳು ಮುಖಕ್ಕೆ ಹೇಳಿ ಕೂಸು ಹೇಳ್ತು," ಅಂದರು ನನ್ನನ್ನು ಕಂಡು. "ಮಂಡೆಗೆ ಎಷ್ಟು ಬೆರಳೇ?"