ಗಂಧದ ಅತ್ತರಿಗೆ ಥ್ಯಾಂಕ್ಸ್

"ಮೈಗೆ ಹಚ್ಚಿ ಸಂಜೆವರೆಗೂ ಕಾಯಿರಿ. ಆಮೇಲೆ ಹೇಳಿ, ಮದುವೆ ದಿನದ ಪರಿಮಳ ಇದೇನಾ?"

ಅತ್ತರು ಕೊಡುವಾಗ ನೀವು ಹೀಗೆ ಕೇಳಿದ್ರಿ. ಇದೇ ಸರ್! ಅಮ್ಮನ ಮದುವೆಯ ಅತ್ತರನ್ನು ಮತ್ತೆ ಮಾಡಿಕೊಟ್ಟಿದ್ದಕ್ಕೆ ತುಂಬಾ ಥ್ಯಾಂಕ್ಸ್. ಅದರ ಹಳೇ ಶೀಶೆಯ ತಳದಲ್ಲಿ ಅಂಟಿದ್ದ ಕಂದು ಜಿಡ್ಡು ಮೂಸಿದರೆ ನನಗೆ ಬರೀ ಶ್ರೀಗಂಧ ಸಿಗ್ತಿತ್ತು. ಹೂವಿನ ಪರಿಮಳ ಬೇಗ ಹಾರಿಹೋಗುತ್ತೆ, ಗಂಧದೆಣ್ಣೆ ಮಾತ್ರ ಕೂತಿರುತ್ತೆ ಅಂತ ನೀವು ಹೇಳಿದ ಮೇಲೇ ಅರ್ಥವಾಯಿತು. ಮೇಲಿದ್ದ ಹೂವು ಯಾವುದು ಅಂತ ಕಂಡುಹಿಡಿಯೋಕೆ ಎರಡು ಕಾಗದದ ಪಟ್ಟಿ ಕೊಟ್ಟಿರಿ. ಜಾಜಿಯದ್ದು ಹಣ್ಣಿನ ಹಾಗೆ ಸಿಹಿ. ಮಲ್ಲಿಗೆಯದ್ದರಲ್ಲಿ ಸ್ವಲ್ಪ ಹಸಿ ಎಲೆಯ ವಾಸನೆ. ಅದನ್ನು ಮೂಸಿದ ತಕ್ಷಣ ಅಮ್ಮನೇ "ಇದು, ಇದು" ಅಂದರು!

ಮೊದಲು ಬೇರೆ ಕಡೆ ಕೊಂಡಿದ್ದ ಮಲ್ಲಿಗೆ ಅತ್ತರು ಹಚ್ಚಿದಾಗ ಘಮ್ಮೆನ್ನುತ್ತಿತ್ತು, ಮಧ್ಯಾಹ್ನಕ್ಕೆ ಏನೂ ಇಲ್ಲ. ಗಂಧದೆಣ್ಣೆ ದುಬಾರಿ ಅಂತ ಈಗ ಎಷ್ಟೋ ಕಡೆ ವಾಸನೆಯಿಲ್ಲದ ಪ್ಯಾರಾಫಿನ್ ಎಣ್ಣೆಗೆ ಹೂವಿನ ಪರಿಮಳ ಸೇರಿಸ್ತಾರಂತೆ. ಹೂವು ಹೋದ ಮೇಲೆ ಉಳಿಯೋಕೆ ಅದರಲ್ಲಿ ಏನಿರುತ್ತೆ, ಅಲ್ವಾ? ನಿಮ್ಮದು ನಿಜವಾದ ಗಂಧದ ಮೇಲೆ ಮಾಡಿದ್ದು, ಬೆಲೆ ಜಾಸ್ತಿಯೇ ಆಯಿತು. ಆದರೆ ರಾತ್ರಿ ಮಣಿಕಟ್ಟು ಮೂಸಿದರೆ ಹಾಲಿನಂಥ ಮೆತ್ತಗಿನ ಗಂಧ ಇನ್ನೂ ಇತ್ತು.

ತಂಗಿಗೂ ಒಂದು ಸಣ್ಣ ಶೀಶೆ ಬೇಕು ಸರ್. ಅವಳದಕ್ಕೆ ಮಲ್ಲಿಗೆ ಸ್ವಲ್ಪ ಕಮ್ಮಿ ಹಾಕಿ, ಜಾಸ್ತಿಯಾದರೆ ಅವಳಿಗೆ ತಲೆನೋವು.