ಚಾಚಾ ನೆಹರೂ ಮತ್ತು ಆ ಒಂದು ರೂಪಾಯಿ

ಜಂಬೂಸವಾರಿ ಮುಗಿದು, ದೀಪಾವಳಿಯ ಪಟಾಕಿ ಹೊಗೆಯೂ ಆರಿದ ಮೇಲೆ ಮೈಸೂರಿನ ಮಕ್ಕಳ ಬಟ್ಟೆ ಅಂಗಡಿಗಳಿಗೆ ಇದ್ದಕ್ಕಿದ್ದಂತೆ ನೆಹರೂ ನೆನಪಾಗುತ್ತಾರೆ. ನವೆಂಬರ್ 14 ಬರುವುದೂ ಹದವಾದ ಹೊತ್ತಿಗೇ. ಹಬ್ಬಕ್ಕೆ ತರಿಸಿದ ಮಾಲಿನಲ್ಲಿ ನಡುವಿನ ಸೈಜುಗಳೆಲ್ಲ ಖರ್ಚಾಗಿ, ಎರಡು ವರ್ಷದ ಕೂಸಿನದ್ದೂ ಹದಿನಾಲ್ಕರ ಹುಡುಗಿಯದ್ದೂ ಉಳಿದಿರುತ್ತವೆ. ಅವುಗಳ ಮೇಲೊಂದು ಕೆಂಪು ಗುಲಾಬಿ ಅಂಟಿಸಿದರೆ ಮಕ್ಕಳ ದಿನಾಚರಣೆ ಸಿದ್ಧ.

ದೇವರಾಜ ಅರಸು ರಸ್ತೆಯಲ್ಲಿ ಇಂಥದೊಂದು ಅಂಗಡಿ ಇದೆ ಎಂದುಕೊಳ್ಳಿ. ಬಾಗಿಲಲ್ಲಿ, ದೊಡ್ಡವರ ಕಣ್ಣಿಗೆ ನೇರವಾಗಿ ಒಂದು ಬೋರ್ಡು: ‘ನಿಮ್ಮ ಕಂದನ ನಗುವಿಗೆ ಬೆಲೆ ಕಟ್ಟಲಾದೀತೇ?’ ಕಟ್ಟಿದ್ದಾರೆ, 1,299. ಅದರ ಕೆಳಗೆ, ಕಂದನ ಕಣ್ಣಿಗೆ ನೇರವಾಗಿ, ಸುತ್ತುತ್ತಲೇ ಇರುವ ಬ್ಯಾಟರಿ ರೈಲು. ಪಕ್ಕದಲ್ಲಿ ಕರಡಿ ವೇಷದವನೊಬ್ಬ ಬೆವರುತ್ತ ಬಲೂನು ಹಂಚುತ್ತಿದ್ದಾನೆ. ಮಗುವಿನ ಕೈಗೆ ಬಲೂನು ಬಂದ ಮೇಲೆ ಒಳಗೆ ಕಾಲಿಡದೆ ಮುಂದೆ ಹೋಗುವಷ್ಟು ಎದೆಗಾರಿಕೆ ಯಾವ ಅಪ್ಪನಿಗಿದೆ?

‘ಎರಡು ಕೊಂಡರೆ ಒಂದು ಉಚಿತ’ ಎಂಬುದು ಕೊಡುಗೆ. ತಾಯಿ 1,299, 1,199 ಮತ್ತು 499 ರೂಪಾಯಿಯ ಮೂರು ಫ್ರಾಕು ಆರಿಸುತ್ತಾಳೆ. ಉಚಿತವಾಗುವುದು ಯಾವುದು? ಮೂರರಲ್ಲಿ ಅಗ್ಗವಾದದ್ದು. 2,997ರ ಮಾಲಿಗೆ 499 ಬಿಟ್ಟರೆ ರಿಯಾಯಿತಿ ನೂರಕ್ಕೆ ಹದಿನೇಳೂ ಮುಟ್ಟುವುದಿಲ್ಲ. ಬೋರ್ಡಿನಲ್ಲಿ ಮಾತ್ರ ಶೇ 50 ಎಂದಿದೆ, ಅದರ ಪಕ್ಕ ಇರುವೆಯ ಗಾತ್ರದಲ್ಲಿ ‘ವರೆಗೆ’.

ಬಿಲ್ಲು 2,498. ಕೌಂಟರಿನ ಹುಡುಗ ಅನುಕಂಪದಿಂದ ತಲೆಯೆತ್ತುತ್ತಾನೆ. ‘2,499 ಆಗಿದ್ದರೆ 500 ರೂಪಾಯಿಯ ಕೂಪನ್ ಬರುತ್ತಿತ್ತು ಮೇಡಂ. ಒಂದು ರೂಪಾಯಿ ಕಡಿಮೆ.’

‘ಆ ಒಂದು ರೂಪಾಯಿ ನಾನೇ ಕೊಡುತ್ತೇನಪ್ಪ.’

‘ಕಂಪ್ಯೂಟರ್ ತೆಗೆದುಕೊಳ್ಳುವುದಿಲ್ಲ ಮೇಡಂ.’

ಕೈಗೆಟಕುವ ದೂರದಲ್ಲೇ 49 ರೂಪಾಯಿಯ ಹೇರ್‌ಕ್ಲಿಪ್ಪು ತೂಗುತ್ತಿರುತ್ತದೆ. ಅದು ಅಲ್ಲಿ ತೂಗುವುದೇ ಈ ಒಂದು ರೂಪಾಯಿಗಾಗಿ. ಕೂಪನ್ ಬರುತ್ತದೆ. ಹಿಂಬದಿ ಓದುವ ತಾಳ್ಮೆ ಇದ್ದವರಿಗೆ ಇನ್ನಷ್ಟು ರಸಾನುಭವ: ಮುಂದಿನ ಖರೀದಿಗೆ, ನವೆಂಬರ್ 30ರೊಳಗೆ, ಕನಿಷ್ಠ 1,999ರ ಬಿಲ್ಲಿಗೆ, ರಿಯಾಯಿತಿ ಇರುವ ಮಾಲಿಗೆ ಅನ್ವಯಿಸದು. ನವೆಂಬರ್ 30ರವರೆಗೆ ಅಂಗಡಿಯ ಅಷ್ಟೂ ಮಾಲಿಗೆ ರಿಯಾಯಿತಿ.

ಮಗುವನ್ನು ಮರೆತಿಲ್ಲ. ಅದಕ್ಕೊಂದು ಉಚಿತ ಪ್ಲಾಸ್ಟಿಕ್ ಕಾರು. ಕೊಟ್ಟ ಕ್ಷಣವೇ ಮಗು ಕುಣಿಯುತ್ತದೆ. 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಕಪಾಟಿನ ಪೆಟ್ಟಿಗೆಗಳಲ್ಲಿ ಅದು ಇದೆ. ಈ ಕಾರಿಗೆ ಗುರುತೂ ಇಲ್ಲ, ಪೆಟ್ಟಿಗೆಯೂ ಇಲ್ಲ, ಒಂದು ಚಕ್ರ ಅಂಗಡಿಯ ಮೆಟ್ಟಿಲಿಳಿಯುವುದರೊಳಗೆ ಕೈಗೇ ಬರುತ್ತದೆ. ಅಪ್ಪ ಹಿಂತಿರುಗಿ ಕೇಳಿದರೆ ಕೌಂಟರಿನ ಹುಡುಗ ಶಾಂತನಾಗಿ ಹೇಳುತ್ತಾನೆ: ‘ಇದು ಮಾರುವುದಲ್ಲ ಸರ್, ಉಚಿತ.’ ಉಚಿತವಾಗಿ ಬಂದ ಚಕ್ರವನ್ನು ಮಕ್ಕಳು ಬಾಯಿಗೆ ಹಾಕಿಕೊಳ್ಳುವುದಿಲ್ಲವೆಂದು ಅವರಿಗೆ ಖಾತ್ರಿಯಿರಬೇಕು.