ಟೆಂಡರ್ ಸಿಗದವರಿಗೆ ‘ಮುಂದೆ ನಿಮ್ಮನ್ನು ಪರಿಗಣಿಸುತ್ತೇವೆ’ ಎಂದು ಬರೆಯಬೇಕೇ?

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಖಾಸಗಿ ಟ್ರಸ್ಟ್ ನಡೆಸುವ ಪ್ರೌಢಶಾಲೆಯೊಂದಕ್ಕೆ 200 ಡೆಸ್ಕ್-ಬೆಂಚುಗಳು ಬೇಕು. ತಾಂತ್ರಿಕ ವಿವರಕ್ಕೊಂದು, ದರಕ್ಕೊಂದು ಎಂದು ಎರಡು ಲಕೋಟೆ ಪದ್ಧತಿಯಲ್ಲಿ ಟೆಂಡರ್ ಕರೆದಾಗ ಮೂವರು ಬಂದರು. ಚೌಕ ಪೈಪು 16 ಗೇಜಿನದಾಗಿರಬೇಕು ಎಂಬುದು ಷರತ್ತು. ಒಬ್ಬರ ಮಾದರಿ ಬೆಂಚಿನ ಪೈಪು 18 ಗೇಜಿನದಾಗಿತ್ತು, ಅವರ ದರದ ಲಕೋಟೆ ತೆರೆಯಲೇ ಇಲ್ಲ. ಉಳಿದ ಇಬ್ಬರಲ್ಲಿ ಒಬ್ಬರು ತಲಾ 4,150 ರೂಪಾಯಿ, ಇನ್ನೊಬ್ಬರು 4,380 ರೂಪಾಯಿ ನಮೂದಿಸಿದ್ದರು. ಆದೇಶ ಮೊದಲಿನವರಿಗೆ ಹೋಯಿತು. ಉಳಿದ ಇಬ್ಬರಿಗೆ ಏನೆಂದು ಬರೆಯಬೇಕು?

ಪರ: ಬರೆಯಬೇಕು, ಆದರೆ ಬರೆದದ್ದಕ್ಕೆ ಅರ್ಥವಿರಬೇಕು

ನಮ್ಮಲ್ಲಿ ಹೆಚ್ಚಿನ ಸಂಸ್ಥೆಗಳು ಟೆಂಡರ್ ಸಿಗದವರಿಗೆ ಏನನ್ನೂ ಬರೆಯುವುದಿಲ್ಲ. ಅವರೇ ಫೋನ್ ಮಾಡಿ ಕೇಳಿದರೆ ‘ಬೇರೆಯವರಿಗೆ ಆಯಿತು’ ಎನ್ನುತ್ತಾರೆ. ಠೇವಣಿ ಹಣಕ್ಕಾಗಿ ಸರಬರಾಜುದಾರ ಲೆಕ್ಕಪತ್ರ ವಿಭಾಗಕ್ಕೆ ಅಲೆಯುತ್ತಾನೆ. ಮುಂದಿನ ವರ್ಷ ಪ್ರಯೋಗಾಲಯದ ಸ್ಟೂಲುಗಳಿಗೆ ದರ ಕೇಳಿದಾಗ ಅವನು ಬರುವುದಿಲ್ಲ. ಮೂರು ದರಗಳಿದ್ದ ತುಲನಾ ಪಟ್ಟಿಯಲ್ಲಿ ಒಂದೇ ದರ ಉಳಿಯುತ್ತದೆ, ಆ ಒಬ್ಬನಿಗೂ ತಾನೊಬ್ಬನೇ ಎಂಬುದು ಬೇಗ ಗೊತ್ತಾಗುತ್ತದೆ. ಮರುಟೆಂಡರ್ ಕರೆಯಬೇಕು, ಇಲ್ಲವೇ ಅವನು ಹೇಳಿದಷ್ಟು ಕೊಡಬೇಕು.

ಈ ಪ್ರಕರಣದಲ್ಲಿ 4,380 ನಮೂದಿಸಿದವರು ಸೋತದ್ದು ತಲಾ 230 ರೂಪಾಯಿಯಿಂದ, ಒಟ್ಟು 46,000 ರೂಪಾಯಿಯಿಂದ. ಅವರ ಮಾದರಿಯಲ್ಲಿ ಬೆಸುಗೆ ಅಚ್ಚುಕಟ್ಟಾಗಿತ್ತು, ಷರತ್ತುಗಳೆಲ್ಲ ಸರಿಯಿದ್ದವು. ಅಂಥವರಿಗೆ ‘ನಿಮ್ಮ ಮಾದರಿ ಷರತ್ತಿಗೆ ಒಪ್ಪುವಂತಿತ್ತು, ಆಯ್ಕೆಯಾಗದಿರಲು ಕಾರಣ ದರವೊಂದೇ’ ಎಂದು ತಿಳಿಸಿದರೆ ಅವರು ಮುಂದಿನ ಸಲ ಎಲ್ಲಿ ಕಡಿಮೆ ಮಾಡಬೇಕೆಂದು ಯೋಚಿಸುತ್ತಾರೆ. ಹೇಳದಿದ್ದರೆ ‘ಅಲ್ಲಿ ಒಳಗಿನವರದೇ ವ್ಯವಹಾರ’ ಎಂದು ಕೈಬಿಡುತ್ತಾರೆ. ಗೆದ್ದವರ ಲೆಕ್ಕದ ವಿವರ ಕೊಡಬೇಕೆಂದು ನಾನು ಹೇಳುವುದಿಲ್ಲ. ಸೋತವರಿಗೆ ಅವರ ಬಿಡ್‌ನಲ್ಲಿ ಏನಾಯಿತು ಎಂಬುದಷ್ಟೇ ಸಾಕು.

ಪೈಪಿನ ವಿಷಯದಲ್ಲಿ ಸೋತವರಿಗೆ ಇದು ಇನ್ನೂ ಮುಖ್ಯ. ಗೇಜಿನ ಸಂಖ್ಯೆ ಏರಿದಂತೆ ದಪ್ಪ ಕಡಿಮೆಯಾಗುತ್ತದೆ: 16 ಗೇಜ್ ಎಂದರೆ ಸುಮಾರು 1.6 ಮಿಲಿಮೀಟರ್, 18 ಗೇಜ್ ಎಂದರೆ ಸುಮಾರು 1.2. ಕಣ್ಣಳತೆಯಲ್ಲಿ ಗೊತ್ತಾಗದ ಈ ವ್ಯತ್ಯಾಸ ಎರಡು ವರ್ಷ ಮಕ್ಕಳು ಕುಳಿತ ಮೇಲೆ ಬೆಂಚಿನ ಕಾಲು ಬಾಗಿದಾಗ ಗೊತ್ತಾಗುತ್ತದೆ. ‘ತಾಂತ್ರಿಕವಾಗಿ ಅನರ್ಹ’ ಎಂದು ಬರೆದರೆ ಅವರಿಗೇನೂ ತಿಳಿಯದು. ‘ನಿಮ್ಮ ಮಾದರಿಯ ಪೈಪು ಅಳೆದಾಗ 1.2 ಮಿಲಿಮೀಟರ್ ಇತ್ತು’ ಎಂದು ಬರೆದರೆ ಅವರು ತಮ್ಮ ಪೈಪಿನ ವ್ಯಾಪಾರಿಯನ್ನು ವಿಚಾರಿಸಬಹುದು. ಬಹುಶಃ ಮೋಸಹೋದದ್ದು ಅವರೇ ಇರಬಹುದು.

ಪತ್ರ ಯಾವಾಗ ಹೋಗಬೇಕು ಎಂಬುದರಲ್ಲಿ ಮಾತ್ರ ಆತುರ ಸಲ್ಲದು. ಕಡಿಮೆ ದರದವರು ಆದೇಶ ಒಪ್ಪಿ, ಭದ್ರತಾ ಠೇವಣಿ ಕಟ್ಟುವ ಮೊದಲೇ ಎರಡನೆಯವರನ್ನು ಬಿಟ್ಟುಕೊಟ್ಟರೆ, ಮೊದಲಿನವರು ಹಿಂದೆ ಸರಿದಾಗ ಶಾಲೆ ಬರಿಗೈಯಲ್ಲಿ ನಿಲ್ಲುತ್ತದೆ. ದರದ ಸಿಂಧುತ್ವದ ಅವಧಿಯೊಳಗೆ ಆದೇಶ ಖಚಿತವಾಗಲಿ, ಅದಾದ ವಾರದೊಳಗೆ ಪತ್ರ ಮತ್ತು ಠೇವಣಿ ಒಟ್ಟಿಗೆ ಹೋಗಲಿ. ದಪ್ಪದ ವಿಷಯದಲ್ಲಿ ಸೋತವರು ಕಾಯಬೇಕಿಲ್ಲ, ಅವರ ಪತ್ರ ತಾಂತ್ರಿಕ ಪರಿಶೀಲನೆ ಮುಗಿದ ಕೂಡಲೇ ಹೋಗಬಹುದು.

ಕೊನೆಯ ಸಾಲು ಬರೆಯುವಾಗ ‘ಮುಂದೆ ಪರಿಗಣಿಸುತ್ತೇವೆ’ ಎಂಬ ಸಿದ್ಧ ವಾಕ್ಯ ಬೇಡ. ‘ಬರುವ ಏಪ್ರಿಲ್‌ನಲ್ಲಿ ಗ್ರಂಥಾಲಯದ ಕಪಾಟುಗಳ ಟೆಂಡರ್ ಇದೆ, ಕರೆಯುವವರ ಪಟ್ಟಿಯಲ್ಲಿ ನಿಮ್ಮ ಹೆಸರನ್ನು ಸೇರಿಸಿದ್ದೇವೆ’ ಎನ್ನಿ. ಖಾಸಗಿ ಸಂಸ್ಥೆ ಯಾರನ್ನು ಕರೆಯಬೇಕೆಂದು ತಾನೇ ತೀರ್ಮಾನಿಸುತ್ತದೆ. ಕರೆಯುವ ಪಟ್ಟಿಯಲ್ಲಿ ಒಳ್ಳೆಯ ಕೆಲಸಗಾರರನ್ನು ಉಳಿಸಿಕೊಳ್ಳುವುದೇ ಖರೀದಿ ವಿಭಾಗದ ಅರ್ಧ ಕೆಲಸ.

ವಿರೋಧ: ಕಾರಣ ಬರೆಯಿರಿ, ಆಶ್ವಾಸನೆ ಬೇಡ

ಕಾರಣ ತಿಳಿಸಬೇಕು ಎಂಬುದರಲ್ಲಿ ನನ್ನ ತಕರಾರಿಲ್ಲ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳೇ, ಬಿಡ್‌ದಾರ ವಿಚಾರಿಸಿದರೆ ತಿರಸ್ಕಾರದ ಕಾರಣವನ್ನು ತಿಳಿಸಬೇಕು ಎನ್ನುತ್ತವೆ. ನನ್ನ ತಕರಾರು ಕೊನೆಯ ಸಾಲಿನ ಬಗ್ಗೆ.

ಆ ಸಾಲನ್ನು ಬರೆಯುವವರು ಸೌಜನ್ಯವೆಂದು ಬರೆಯುತ್ತಾರೆ, ಓದುವವನು ಭರವಸೆಯೆಂದು ಓದುತ್ತಾನೆ. ಸಣ್ಣ ವರ್ಕ್‌ಶಾಪ್ ನಡೆಸುವವನಿಗೆ ‘ಪಟ್ಟಿಯಲ್ಲಿ ಸೇರಿಸಿದ್ದೇವೆ’ ಎಂಬ ಪತ್ರ ಬಂದರೆ ಅವನು ಏಪ್ರಿಲ್‌ಗೆ ಮುಂಚೆಯೇ ತಗಡು ಖರೀದಿಸಿಡಬಹುದು, ಬೇರೆ ಕೆಲಸ ಒಪ್ಪಿಕೊಳ್ಳದಿರಬಹುದು. ಏಪ್ರಿಲ್ ಬಂದಾಗ ಅನುದಾನ ಕೈತಪ್ಪಿ ಟೆಂಡರೇ ಕರೆಯದಿದ್ದರೆ? ಅಥವಾ ಆ ಪತ್ರ ಬರೆದ ಖರೀದಿ ಅಧಿಕಾರಿ ಅಷ್ಟರಲ್ಲಿ ಬೇರೆ ಕಡೆ ಹೋಗಿದ್ದರೆ? ನೆನಪಿಟ್ಟುಕೊಳ್ಳುತ್ತೇವೆ ಎಂದವರು ವ್ಯಕ್ತಿ, ಕಚೇರಿಯಲ್ಲ. ಕಡತದಲ್ಲಿ ಆ ನೆನಪಿಗೆ ಜಾಗವೂ ಇರುವುದಿಲ್ಲ.

ಶಾಲೆಯ ಬದಲು ಇದೇ ಬೆಂಚುಗಳನ್ನು ಪುರಸಭೆಯೋ ಇಲಾಖೆಯೋ ಖರೀದಿಸುತ್ತಿದ್ದರೆ ಮಾತು ಇನ್ನೂ ಗಂಭೀರವಾಗುತ್ತದೆ. ಅಲ್ಲಿ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999 ಅನ್ವಯಿಸುತ್ತದೆ. ಟೆಂಡರ್ ಎಲ್ಲರಿಗೂ ಮುಕ್ತ, ಯಾರನ್ನೂ ‘ನೆನಪಿನಲ್ಲಿಟ್ಟು’ ಕರೆಯುವ ಪ್ರಶ್ನೆಯೇ ಇಲ್ಲ. ಟೆಂಡರ್ ಅಂಗೀಕಾರದ ಆದೇಶದಿಂದ ಬಾಧಿತನಾದ ಬಿಡ್‌ದಾರ ಆದೇಶ ಕೈಸೇರಿದ 30 ದಿನಗಳೊಳಗೆ 16ನೇ ಪ್ರಕರಣದಡಿ ಮೇಲ್ಮನವಿ ಸಲ್ಲಿಸಬಹುದು. ಮುಂದಿನ ವರ್ಷ ಅದೇ ಎರಡನೆಯವರು ಗೆದ್ದರು ಎನ್ನಿ. ಸೋತ ಮತ್ತೊಬ್ಬ ಮೇಲ್ಮನವಿಯ ಜೊತೆಗೆ ‘ನಿಮ್ಮನ್ನು ಪರಿಗಣಿಸುತ್ತೇವೆ’ ಎಂಬ ಹಳೆಯ ಪತ್ರದ ಪ್ರತಿಯನ್ನೂ ಲಗತ್ತಿಸುತ್ತಾನೆ. ಅಧಿಕಾರಿಯ ಮನಸ್ಸು ಶುದ್ಧವಾಗಿದ್ದರೂ ಆ ಪ್ರತಿಗೆ ವಿವರಣೆ ಕೊಡುತ್ತಾ ಕೂರಬೇಕಾಗುತ್ತದೆ.

ಪರ ಬರೆದವರು ಮುಟ್ಟದ ಇನ್ನೊಂದು ಸಂಗತಿ ಇದೆ. ಮೂರು-ನಾಲ್ಕು ಜನರಷ್ಟೇ ಇರುವ ಊರಿನ ಮಾರುಕಟ್ಟೆಯಲ್ಲಿ ಎಲ್ಲರಿಗೂ ಪತ್ರದಲ್ಲಿ ಮುಂದಿನ ಟೆಂಡರಿನ ಸುಳಿವು ಕೊಟ್ಟರೆ, ‘ಈ ಸಲ ನೀವು, ಕಪಾಟಿಗೆ ನಾವು’ ಎಂದು ಹಂಚಿಕೊಳ್ಳಲು ಅವರಿಗೆ ಸಮಯ ಸಿಗುತ್ತದೆ. ಅದನ್ನು ಕಂಡುಹಿಡಿಯುವುದು ಕಷ್ಟವಲ್ಲ: ಸರದಿ ಪ್ರಕಾರ ಗೆಲುವು, ಸೋತವರ ದರಗಳಲ್ಲಿ ಯಾವಾಗಲೂ ಒಂದೇ ಬಗೆಯ ಅಂತರ, ಕೆಲವೊಮ್ಮೆ ಬೇರೆ ಬೇರೆ ಸಂಸ್ಥೆಗಳ ಪತ್ರಗಳಲ್ಲಿ ಒಂದೇ ಕಾಗುಣಿತದ ತಪ್ಪು. ಕಂಡುಹಿಡಿದ ಮೇಲೆ ಸಾಬೀತುಪಡಿಸುವುದು ಮಾತ್ರ ಕಷ್ಟ. ನೀವು ಉಳಿಸಿಕೊಂಡೆವು ಎಂದುಕೊಂಡ ಸ್ಪರ್ಧೆ ಕಾಗದದ ಮೇಲಷ್ಟೇ ಉಳಿದಿರುತ್ತದೆ.

ಒಳ್ಳೆಯ ಸರಬರಾಜುದಾರರನ್ನು ಉಳಿಸಿಕೊಳ್ಳಲು ಬೇರೆ ದಾರಿ ಇದೆ. ಅರ್ಹ ಸರಬರಾಜುದಾರರ ನೋಂದಣಿ ಪಟ್ಟಿ ಮಾಡಿ, ಅರ್ಹತೆಯ ಷರತ್ತುಗಳನ್ನು ಪ್ರಕಟಿಸಿ, ಯಾರು ಬೇಕಾದರೂ ಅರ್ಜಿ ಹಾಕುವಂತೆ ತೆರೆದಿಡಿ. ಕೇಂದ್ರದ ನಿಯಮಗಳಲ್ಲಿ ಇಂಥ ನೋಂದಣಿಗೆ ಒಂದರಿಂದ ಮೂರು ವರ್ಷಗಳ ಅವಧಿಯಿದೆ. ಖಾಸಗಿ ಶಾಲೆಯೂ ಹೀಗೆ ಮಾಡಬಹುದು. ಆಗ ಪತ್ರದಲ್ಲಿ ‘ನಮ್ಮ ನೋಂದಣಿ ಪಟ್ಟಿ ಎಲ್ಲರಿಗೂ ತೆರೆದಿದೆ, ಅರ್ಜಿ ನಮೂನೆ ಕಚೇರಿಯಲ್ಲಿ ಸಿಗುತ್ತದೆ’ ಎಂದು ಬರೆದರೆ ಅದು ಎಲ್ಲರಿಗೂ ಒಂದೇ ಮಾತು, ಯಾರ ಕಿವಿಯಲ್ಲೂ ಹೇಳಿದ್ದಲ್ಲ.

ಹಾಗಾಗಿ ನಾನು ಬರೆಯುವ ಪತ್ರದಲ್ಲಿ ಟೆಂಡರಿನ ಸಂಖ್ಯೆ, ಫಲಿತಾಂಶ, ಒಂದು ವಾಕ್ಯದ ಸ್ಪಷ್ಟ ಕಾರಣ, ಠೇವಣಿ ಹಣ ಯಾವ ದಿನ ಖಾತೆಗೆ ಬರುತ್ತದೆ ಎಂಬುದು, ನೋಂದಣಿಯ ಮಾಹಿತಿ, ಇಷ್ಟೇ ಇರುತ್ತವೆ. ಪೈಪಿನ ದಪ್ಪದಲ್ಲಿ ಸೋತವರಿಗಾದರೆ ಮೊಹರು ಒಡೆಯದ ದರದ ಲಕೋಟೆಯನ್ನೂ ಜೊತೆಗೇ ಹಿಂದಿರುಗಿಸಿ, ಸ್ವೀಕೃತಿಗೆ ಸಹಿ ಪಡೆಯುತ್ತೇನೆ.